ಅಪ್ಪ ಮಾರ್ಫಿನ್‌ಗಾಗಿ ಗಡಿಯಾರ ನೋಡುತ್ತಾರೆ, ಇದು ಚಟವೇ?

ಪ್ರಶ್ನೆ: ನಮ್ಮ ಅಪ್ಪನಿಗೆ 68 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನಿನ ಮೂಳೆಗೆ ಹರಡಿದೆ. ಮೂರು ವಾರದ ಹಿಂದೆ ಮಾರ್ಫಿನ್ 10 ಮಿ.ಗ್ರಾಂ. ಮಾತ್ರೆ, 4 ಗಂಟೆಗೊಂದು ಅಂತ ಬರೆದುಕೊಟ್ಟರು. ಚಟ ಹತ್ತುತ್ತೆ ಅಂತ ಅಣ್ಣ ಹೆದರಿಸಿದ. ಹಾಗಾಗಿ ನೋವು ತಡೆಯೋಕೇ ಆಗಲ್ಲ ಅಂದಾಗ ಮಾತ್ರ ಕೊಡ್ತೀನಿ, ದಿನಕ್ಕೆ ಎರಡೋ ಮೂರೋ. ಈಗ ಅಪ್ಪ ಗಡಿಯಾರ ನೋಡ್ತಾನೇ ಕೂತಿರ್ತಾರೆ, ಮಾತ್ರೆ ಕೊಡು ಅಂತ ಅಂಗಲಾಚುತ್ತಾರೆ. ಚಟ ಶುರುವಾಯ್ತಾ? ಇನ್ನೊಂದು, ಆರು ದಿನ ಮಲ ಹೋಗಿರಲಿಲ್ಲ. ನಿನ್ನೆಯಿಂದ ನೀರು ನೀರಾಗಿ ಹೋಗ್ತಿದೆ. ಭೇದಿ ಅಂದುಕೊಂಡು ಮಲ ಸಡಿಲಿಸುವ ಮಾತ್ರೆ ನಿಲ್ಲಿಸಿದೆ. ಮಾರ್ಫಿನ್ನೂ ನಿಲ್ಲಿಸಿಬಿಡಲಾ?

ಉತ್ತರ: ಮೊದಲು ಇವತ್ತೇ ಆಗಬೇಕಾದ ಕೆಲಸ ಹೇಳುತ್ತೇನೆ. ಚಟದ ಮಾತು ಆಮೇಲೆ.

ಮಾರ್ಫಿನ್ ನಿಲ್ಲಿಸಬೇಡಿ. ಭೇದಿ ನಿಲ್ಲುವ ಮಾತ್ರೆಯನ್ನಂತೂ ಕೊಡಲೇಬೇಡಿ. ತಂದೆಯವರನ್ನು ನೋಡುತ್ತಿರುವ ವೈದ್ಯರಿಗೆ ಈಗಲೇ ಫೋನ್ ಮಾಡಿ. "ಭೇದಿ ಆಗ್ತಿದೆ" ಅಂತ ಹೇಳಬೇಡಿ. "ಆರು ದಿನ ಮಲ ಹೋಗಿರಲಿಲ್ಲ, ಈಗ ನೀರಿನ ಹಾಗೆ ಸೋರುತ್ತಿದೆ, ಮಾರ್ಫಿನ್ ತಗೋತಿದ್ದಾರೆ" ಅಂತ ಹೇಳಿ. ಈ ಎರಡು ಮಾತು ಕೇಳಿದ ವೈದ್ಯರಿಗೆ ಬೇರೆ ಬೇರೆ ಕಾಯಿಲೆ ಕಾಣುತ್ತದೆ.

ಇದು ಬಹುಪಾಲು ಭೇದಿಯಲ್ಲ, ಮಲಬದ್ಧತೆಯೇ. ಕಾಲುವೆಗೆ ದೊಡ್ಡ ಕಲ್ಲು ಅಡ್ಡ ಬಿದ್ದರೆ ನೀರು ಪೂರ್ತಿ ನಿಲ್ಲುವುದಿಲ್ಲ ಅಲ್ವಾ, ಕಲ್ಲಿನ ಪಕ್ಕದಿಂದ ನುಸುಳಿಕೊಂಡು ಬರುತ್ತದೆ. ಇಲ್ಲೂ ಹಾಗೆಯೇ. ಗುದದ್ವಾರದ ಮೇಲ್ಭಾಗದಲ್ಲಿ ಮಲ ಗಟ್ಟಿಯಾಗಿ ಗೂಟ ಬಡಿದ ಹಾಗೆ ಕೂತಿರುತ್ತದೆ. ಅದರ ಹಿಂದೆ ಕರುಳಿನಲ್ಲಿ ಇರುವ ತೆಳು ಮಲ ಸಂದಿಯಿಂದ ಸೋರುತ್ತದೆ. ನಿಜವಾದ ಭೇದಿಗೂ ಇದಕ್ಕೂ ವ್ಯತ್ಯಾಸ ಮನೆಯಲ್ಲೇ ಸ್ವಲ್ಪ ಗೊತ್ತಾಗುತ್ತದೆ. ಸೋರುವಾಗ ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹೋಗುತ್ತದೆ, ಎಷ್ಟೋ ಸಲ ಅವರಿಗೆ ತಿಳಿಯದೆಯೇ ಬಟ್ಟೆಗೆ ಹತ್ತುತ್ತದೆ, ಹೋದ ಮೇಲೂ ಹೊಟ್ಟೆ ಹಗುರಾಗುವುದಿಲ್ಲ, ಉಬ್ಬಿಕೊಂಡೇ ಇರುತ್ತದೆ. ಖಚಿತವಾಗುವುದು ಮಾತ್ರ ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಪರೀಕ್ಷೆ ಮಾಡಿದಾಗಲೇ. ಒಂದು ನಿಮಿಷದ ಕೆಲಸ ಅದು. ನೀವು ನಿಲ್ಲಿಸಿದ ಮಾತ್ರೆ ಯಾವುದು ಅಂತಲೂ ಅವರಿಗೆ ಹೇಳಿ. ಸದ್ಯಕ್ಕೆ ಅದನ್ನು ನೀವಾಗಿ ಮತ್ತೆ ಶುರು ಮಾಡಬೇಡಿ. ಕಾರಣ ಮುಂದೆ ಬರುತ್ತದೆ.

ಫೋನ್ ಮಾಡುವ ಮೊದಲು ಇನ್ನೊಂದು ನೋಡಿ. ಕ್ಯಾನ್ಸರ್ ಬೆನ್ನುಮೂಳೆಗೆ ಬಂದಿದೆ ಅಂದಿದ್ದೀರಿ. ತಂದೆಯವರ ಕಾಲುಗಳಲ್ಲಿ ಹೊಸದಾಗಿ ಬಲ ಕಡಿಮೆಯಾಗಿದೆಯೇ? ಎದ್ದು ನಿಂತರೆ ಮಂಡಿ ಕುಸಿಯುತ್ತದೆಯೇ? ತೊಡೆಯ ಒಳಭಾಗ, ಗುದದ ಸುತ್ತ ಜೋಮು ಹಿಡಿದ ಹಾಗೆ ಆಗಿದೆಯೇ? ಮೂತ್ರ ಕಟ್ಟಿಕೊಂಡಿದೆಯೇ, ಅಥವಾ ತಿಳಿಯದೆ ಹೋಗುತ್ತಿದೆಯೇ? ಇದರಲ್ಲಿ ಒಂದಕ್ಕೆ ಹೌದು ಅಂತ ಉತ್ತರ ಬಂದರೂ ನಾಳೆವರೆಗೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಗೆಡ್ಡೆ ಬೆನ್ನುಹುರಿಯನ್ನು ಒತ್ತಿದರೂ ಮಲ, ಮೂತ್ರದ ಹಿಡಿತ ತಪ್ಪುತ್ತದೆ. ಅದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಆಗಬೇಕು, ತಡವಾದರೆ ಕಾಲಿನ ಶಕ್ತಿ ವಾಪಸ್ ಬರದೇ ಹೋಗಬಹುದು. ಎಲ್ಲ ತಪ್ಪನ್ನೂ ಮಾರ್ಫಿನ್ ಮೇಲೆ ಹಾಕಿ ಇದನ್ನು ಕಾಣದೆ ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಮೊದಲೇ ಕೇಳಿದೆ.

ಈಗ ಗಡಿಯಾರದ ವಿಷಯಕ್ಕೆ ಬರೋಣ.

ನಿಮ್ಮ ಮನೆಯಲ್ಲಿರುವುದು ಬೇಗ ಕೆಲಸ ಮಾಡುವ ಸಾಧಾರಣ ಮಾರ್ಫಿನ್ ಮಾತ್ರೆ ಅಂತ ನೀವು ಬರೆದ ಲೆಕ್ಕದಿಂದಲೇ ತಿಳಿಯುತ್ತದೆ. ಅದನ್ನು ನುಂಗಿದ ಮೇಲೆ ಅರ್ಧ ಗಂಟೆಗೆ ನೋವು ಇಳಿಯಲು ಶುರುವಾಗುತ್ತದೆ. ಸುಮಾರು ಒಂದು ಗಂಟೆಗೆ ಪೂರ್ತಿ ಹಿಡಿತ ಸಿಗುತ್ತದೆ. ನಾಲ್ಕು ಗಂಟೆ ಹೊತ್ತಿಗೆ ಔಷಧಿ ರಕ್ತದಲ್ಲಿ ಕಡಿಮೆಯಾಗಿ ನೋವು ಮತ್ತೆ ತಲೆ ಎತ್ತುತ್ತದೆ. 4 ಗಂಟೆಗೊಂದು ಅಂತ ಬರೆದದ್ದು ಈ ಕಾರಣಕ್ಕೆ. ನೀವು ದಿನಕ್ಕೆ ಮೂರು ಕೊಟ್ಟರೆ 12 ಗಂಟೆ ಔಷಧಿ ಇದೆ, ಉಳಿದ 12 ಗಂಟೆ ಇಲ್ಲ. ಆ ಅರ್ಧ ದಿನ ಅವರು ಬರೀ ನೋವಿನಲ್ಲೇ ಕಳೆಯುತ್ತಾರೆ. ಮೂಳೆಯ ನೋವು ಹೇಗಿರುತ್ತದೆ ಅಂದರೆ ಮಗ್ಗುಲು ಬದಲಿಸುವುದಕ್ಕೂ ಉಸಿರು ಬಿಗಿಹಿಡಿಯಬೇಕು. ಅಂಥ ನೋವಿನಲ್ಲಿರುವ ಮನುಷ್ಯನಿಗೆ ಮುಂದಿನ ಮಾತ್ರೆ ಯಾವಾಗ ಅಂತ ಗೊತ್ತಿಲ್ಲ. ಎಷ್ಟು ನರಳಿದರೆ ಕೊಡುತ್ತಾರೆ ಅಂತಲೂ ಗೊತ್ತಿಲ್ಲ. ಅವರು ಗಡಿಯಾರ ನೋಡದೆ ಇನ್ನೇನು ನೋಡಬೇಕು?

ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ಹೆದರಿದವರು ಎಲ್ಲರೂ ಮಾಡುವುದು ಇದನ್ನೇ. ಆದರೆ ನೋವು ವಿಪರೀತವಾದಾಗ ಮಾತ್ರ ಕೊಡುವ ಪದ್ಧತಿಯೇ ಚಟದಂತೆ ಕಾಣುವ ನಡವಳಿಕೆಯನ್ನು ಹುಟ್ಟಿಸುತ್ತದೆ. ಕೂಗಿದರೆ ಮಾತ್ರೆ, ಸುಮ್ಮನಿದ್ದರೆ ಇಲ್ಲ ಅಂತಾದಾಗ ಯಾರಾದರೂ ಕೂಗುತ್ತಾರೆ. 1989ರಲ್ಲಿ ಇಬ್ಬರು ವೈದ್ಯರು ರಕ್ತದ ಕ್ಯಾನ್ಸರ್ ಇದ್ದ 17 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಿದ್ದರು. ಅವನ ನೋವಿಗೆ ಸಾಕಾಗುವಷ್ಟು ಔಷಧಿ ಸಿಗುತ್ತಿರಲಿಲ್ಲ. ಅವನು ಮತ್ತೆ ಮತ್ತೆ ಕೇಳುತ್ತಿದ್ದ, ಸುತ್ತಲಿನವರು ಅವನನ್ನೇ ಅನುಮಾನಿಸುತ್ತಿದ್ದರು. ಅದಕ್ಕೆ ಅವರು ಹುಸಿ ಚಟ ಅಂತ ಹೆಸರಿಟ್ಟರು. ಆಮೇಲೆ ಆ ಮಾತನ್ನು ಕ್ಯಾನ್ಸರ್ ಇಲ್ಲದ ಬೇರೆ ನೋವುಗಳಿಗೂ ಎಳೆದು ದುರುಪಯೋಗ ಮಾಡಿದ್ದೂ ಉಂಟು. ಹಾಗಾಗಿ ನಾನು ಬರೀ ಹೆಸರು ಹೇಳಿ ಸಮಾಧಾನ ಮಾಡುವುದಿಲ್ಲ. ಪರೀಕ್ಷೆ ಮಾಡಿ ನೋಡುತ್ತೇನೆ. ಪರೀಕ್ಷೆ ಸರಳ: ಮೂರು ನಾಲ್ಕು ದಿನ ಹೊತ್ತು ಹೊತ್ತಿಗೆ ಸರಿಯಾದ ಪ್ರಮಾಣದಲ್ಲಿ ಕೊಡುವುದು. ನೋವು ಇಳಿದ ಮೇಲೆ ಗಡಿಯಾರ ನೋಡುವುದು ತಾನಾಗಿ ನಿಂತರೆ ಅದು ನೋವೇ ಆಗಿತ್ತು. ನೋವಿಲ್ಲ ಅನ್ನುತ್ತಲೇ ಇನ್ನೂ ಬೇಕು ಅಂತ ಕೇಳುತ್ತಿದ್ದರೆ, ಆಗ ವೈದ್ಯರು ಕೂತು ಮಾತಾಡಬೇಕು.

ನಿಮ್ಮ ಅಣ್ಣನವರ ಭಯದಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಒಂದು, ದೇಹ ಔಷಧಿಗೆ ಒಗ್ಗಿಕೊಳ್ಳುವುದು. ಕೆಲವರಿಗೆ ಕಾಲ ಕಳೆದಂತೆ ಅದೇ ಪ್ರಮಾಣ ಸಾಲದೆ ಬರುತ್ತದೆ. ಕ್ಯಾನ್ಸರ್‌ನಲ್ಲಿ ಹೀಗಾದರೆ ಹೆಚ್ಚಾಗಿ ಕಾಯಿಲೆಯೇ ಮುಂದುವರಿದಿರುತ್ತದೆ. ಎರಡು, ದೇಹದ ಅವಲಂಬನೆ. ಕೆಲವು ವಾರ ನಿತ್ಯ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಬೆವರುತ್ತಾರೆ, ಮೂಗು ಸೋರುತ್ತದೆ, ಮೈ ಜುಮ್ಮೆನ್ನುತ್ತದೆ, ಹೊಟ್ಟೆ ನುಲಿಯುತ್ತದೆ, ಚಡಪಡಿಸುತ್ತಾರೆ. ಇದು ಯಾರ ಮೈಯಲ್ಲಾದರೂ ಆಗುವ ಸಹಜ ಕ್ರಿಯೆ. ಸ್ಟೀರಾಯ್ಡ್ ಮಾತ್ರೆಯನ್ನೂ, ಕೆಲವು ಬಿಪಿ ಮಾತ್ರೆಗಳನ್ನೂ ಥಟ್ಟನೆ ನಿಲ್ಲಿಸಬಾರದು. ಅದನ್ನು ಯಾರೂ ಚಟ ಅನ್ನುವುದಿಲ್ಲ. ಮಾರ್ಫಿನ್ ಬೇಡವಾದಾಗ ಹಂತ ಹಂತವಾಗಿ ಇಳಿಸಿದರೆ ಇದ್ಯಾವುದೂ ಕಾಣಿಸಿಕೊಳ್ಳದಷ್ಟು ಸಲೀಸಾಗಿ ನಿಲ್ಲಿಸಬಹುದು.

ಮೂರನೆಯದು ನಿಜವಾದ ಚಟ. ಅದು ಮನಸ್ಸಿನ ಹಂಬಲ. ಹಾನಿಯಾಗುತ್ತಿದೆ ಅಂತ ಗೊತ್ತಿದ್ದೂ ಬಿಡಲಾಗದೆ, ನೋವಿಗಲ್ಲದೆ ಅಮಲಿಗಾಗಿ ತೆಗೆದುಕೊಳ್ಳುವುದು. ಚಟದಲ್ಲಿ ಬದುಕು ಕುಗ್ಗುತ್ತದೆ. ಮನೆಯವರು ಬೇಡ, ಊಟ ಬೇಡ, ಅದೊಂದೇ ಬೇಕು. ನೋವು ಹತೋಟಿಗೆ ಬಂದ ರೋಗಿಯಲ್ಲಿ ಇದರ ತಿರುಗುಮುರುಗು ಕಾಣುತ್ತದೆ. ಮಗ್ಗುಲು ಬದಲಿಸುತ್ತಾರೆ, ಎದ್ದು ಕೂರುತ್ತಾರೆ, ಪೇಪರ್ ಕೇಳುತ್ತಾರೆ, ಮೊಮ್ಮಕ್ಕಳನ್ನು ಹತ್ತಿರ ಕರೆಯುತ್ತಾರೆ. ಕ್ಯಾನ್ಸರ್ ನೋವಿಗೆ ವೈದ್ಯರ ಉಸ್ತುವಾರಿಯಲ್ಲಿ ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಚಟ ಹತ್ತುವುದು ಅಪರೂಪ. ಆದರೆ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೊದಲು ಕುಡಿತದ ಅಥವಾ ಬೇರೆ ಮಾದಕ ವಸ್ತುವಿನ ಚಟ ಇದ್ದವರಲ್ಲಿ, ಚಿಕಿತ್ಸೆ ಫಲಿಸಿ ವರ್ಷಗಟ್ಟಲೆ ಇದೇ ಮಾತ್ರೆಯಲ್ಲಿ ಮುಂದುವರಿದವರಲ್ಲಿ, ನಿದ್ದೆಗೋ ದುಃಖಕ್ಕೋ ಇದನ್ನು ನುಂಗಲು ಶುರು ಮಾಡಿದವರಲ್ಲಿ ಎಚ್ಚರ ಬೇಕು. ತಂದೆಯವರಿಗೆ ಅಂಥ ಹಿನ್ನೆಲೆ ಇದ್ದರೆ ಮುಚ್ಚಿಡದೆ ಹೇಳಿ. ಹಾಗಿದ್ದರೂ ಔಷಧಿ ನಿಲ್ಲುವುದಿಲ್ಲ. ಒಂದು ಸಲಕ್ಕೆ ಕಡಿಮೆ ದಿನದ ಮಾತ್ರೆ ಕೊಟ್ಟು, ಬೇಗ ಬೇಗ ಕರೆಸಿ ನೋಡುತ್ತೇವೆ, ಅಷ್ಟೇ.

"ಈಗಲೇ ಕೊಟ್ಟರೆ ಮುಂದೆ ನೋವು ಜಾಸ್ತಿಯಾದಾಗ ಏನು ಕೊಡೋದು?" ಅಂತಲೂ ಮನೆಯವರು ಕೇಳುತ್ತಾರೆ. ಪ್ಯಾರಾಸಿಟಮಾಲ್‌ಗೆ, ಟ್ರಮಡಾಲ್‌ಗೆ ದಿನಕ್ಕೆ ಇಷ್ಟೇ ಅಂತ ಮೇಲ್ಮಿತಿ ಇದೆ. ಮಾರ್ಫಿನ್‌ಗೆ ಅಂಥ ನಿಗದಿಯಾದ ಮೇಲ್ಮಿತಿ ಇಲ್ಲ. ನೋವು ಹೆಚ್ಚಿದರೆ, ಅಡ್ಡ ಪರಿಣಾಮ ತಡೆದುಕೊಳ್ಳುವಷ್ಟೇ ಇದ್ದರೆ, ವೈದ್ಯರು ಏರಿಸಬಹುದು. ಕೂಡಿಟ್ಟುಕೊಂಡರೆ ಮುಂದೆ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ಸುಳ್ಳು.

ಇನ್ನು ಹೊತ್ತಿನ ಲೆಕ್ಕ. ನಿಮ್ಮ ತಂದೆಯವರ ಪ್ರಮಾಣವನ್ನೇ ಇಟ್ಟುಕೊಂಡು ವಿವರಿಸುತ್ತೇನೆ. ಆದರೆ ಇದನ್ನು ಓದಿ ಇವತ್ತೇ ಶುರು ಮಾಡಬೇಡಿ, ವೈದ್ಯರ ಜೊತೆ ಮಾತಾಡಿದ ಮೇಲೆ ಮಾಡಿ. ಯಾಕೆ ಅಂತ ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮೊದಲ ನಾಲ್ಕು ಹೊತ್ತು ಒಂದೊಂದು ಮಾತ್ರೆ. ರಾತ್ರಿ 10ಕ್ಕೆ ಎರಡು. ನಡುರಾತ್ರಿ 2 ಗಂಟೆಯ ಮಾತ್ರೆಗೆ ಎಬ್ಬಿಸುವುದು ತಪ್ಪಲಿ ಅಂತ ಆ ಡೋಸನ್ನೂ ರಾತ್ರಿಯೇ ಸೇರಿಸಿ ಕೊಡುವ ರೂಢಿ ಇದೆ. ಎಲ್ಲರಿಗೂ ಇದು ಸರಿಹೋಗುವುದಿಲ್ಲ, ತುಂಬಾ ನಿತ್ರಾಣವಾದವರಿಗೆ ನಾನು ಕೊಡುವುದಿಲ್ಲ. ಹೀಗೆ ದಿನಕ್ಕೆ 60 ಮಿ.ಗ್ರಾಂ. ಆಯಿತು. ನಡುವೆ ನೋವು ನುಗ್ಗಿ ಬಂದರೆ ಒಂದು ಹೆಚ್ಚುವರಿ ಡೋಸ್ ಇರುತ್ತದೆ. ಅದು ಸಾಮಾನ್ಯವಾಗಿ ದಿನದ ಒಟ್ಟು ಪ್ರಮಾಣದ ಆರನೇ ಒಂದು ಭಾಗ, ಅಂದರೆ ಇಲ್ಲಿ 10 ಮಿ.ಗ್ರಾಂ., ಒಂದು ಮಾತ್ರೆ. ಎಷ್ಟು ಹೊತ್ತಿನ ಅಂತರದಲ್ಲಿ, ದಿನಕ್ಕೆ ಎಷ್ಟು ಸಲ ಕೊಡಬಹುದು ಅಂತ ವೈದ್ಯರನ್ನು ಕೇಳಿ ಚೀಟಿಯಲ್ಲೇ ಬರೆಸಿಕೊಳ್ಳಿ. ಹೆಚ್ಚುವರಿ ಮಾತ್ರೆ ಕೊಟ್ಟಿರಿ ಅಂತ ಮುಂದಿನ ಹೊತ್ತಿನ ಮಾತ್ರೆ ತಪ್ಪಿಸಬಾರದು. ಸ್ನಾನಕ್ಕೆ, ಆಸ್ಪತ್ರೆಗೆ ಹೊರಡುವುದಕ್ಕೆ ಮುಂಚೆ ಮೈ ಅಲುಗಿದರೆ ನೋವು ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಗಂಟೆ ಮೊದಲೇ ಈ ಹೆಚ್ಚುವರಿ ಡೋಸ್ ಕೊಡಬಹುದು.

ಹೀಗೆ ಕೊಟ್ಟು ಎರಡು ದಿನ ನೋಡಿದಾಗ ದಿನಕ್ಕೆ ಮೂರು ಹೆಚ್ಚುವರಿ ಮಾತ್ರೆ ಬೇಕಾಯಿತು ಅಂದುಕೊಳ್ಳಿ. 60ಕ್ಕೆ 30 ಸೇರಿ 90 ಆಯಿತು. ಅದನ್ನು ಆರು ಭಾಗ ಮಾಡಿದರೆ 15. ಅಂದರೆ ಅವರ ನೋವು ಕೇಳುತ್ತಿರುವುದು ಹೊತ್ತಿಗೆ 15 ಮಿ.ಗ್ರಾಂ. ವೈದ್ಯರು ಪ್ರಮಾಣ ಏರಿಸುವುದು ಹೀಗೆ, ಲೆಕ್ಕ ಹಾಕಿ. ನೋವು ಒಂದು ಮಟ್ಟಕ್ಕೆ ನಿಂತ ಮೇಲೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಬಹುದು. ಅದನ್ನು 12 ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ ಕೊಟ್ಟರೆ ಸಾಕು. ಆ ಮಾತ್ರೆಯನ್ನು ಮಾತ್ರ ಎಂದೂ ಪುಡಿ ಮಾಡಬೇಡಿ, ಅಗಿಯಲು ಬಿಡಬೇಡಿ. 12 ಗಂಟೆಗೆ ಇಳಿಯಬೇಕಾದ ಔಷಧಿ ಒಂದೇ ಸಲ ಇಳಿದು ಜೀವಕ್ಕೆ ಕುತ್ತಾಗುತ್ತದೆ.

ಈ ಲೆಕ್ಕಕ್ಕೆಲ್ಲ ಒಂದು ನೋಟ್‌ಬುಕ್ ಬೇಕು. ಒಬ್ಬ ಹೆಣ್ಣುಮಗಳು ತಂದಿದ್ದ ಪುಸ್ತಕ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಶಾಲೆಯ ರೂಲ್ ಹಾಳೆ ಪುಸ್ತಕ, ಪುಟಕ್ಕೆ ಐದು ಗೆರೆ. ಎಡಕ್ಕೆ ಗಂಟೆ, ನಡುವೆ ಮಾತ್ರೆ, ಬಲಕ್ಕೆ ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕಿ. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ "ಮ" ಅಂತ, ಅಂದರೆ ಮಲ ಹೋದ ದಿನ. ಮೊದಲ ಪುಟದಲ್ಲಿ ನೋವಿನ ಅಂಕಿ 8, 9, 8. ನಾಲ್ಕನೇ ಪುಟದಲ್ಲಿ 4, 3, 3. ಅದೇ ಪುಟದಿಂದ ಕೆಂಪು "ಮ" ಕಾಣೆಯಾಗಿತ್ತು. ಅವರು ಬಾಯಿ ಬಿಡುವ ಮೊದಲೇ ಏನು ಸರಿಹೋಗಿದೆ, ಏನು ಕೆಡುತ್ತಿದೆ ಅಂತ ನನಗೆ ಗೊತ್ತಾಯಿತು.

ಈಗ ವೈದ್ಯರ ಜೊತೆ ಮಾತಾಡದೆ ಶುರು ಮಾಡಬೇಡಿ ಅಂದದ್ದಕ್ಕೆ ಕಾರಣ. ತಂದೆಯವರು ದಿನಕ್ಕೆ ಆರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ವೈದ್ಯರು ನಂಬಿದ್ದಾರೆ. ನೀವು ಕೊಡುತ್ತಿರುವುದು ಎರಡೋ ಮೂರೋ. ನೋವು ಕಡಿಮೆಯಾಗಿಲ್ಲ ಅಂತಷ್ಟೇ ನೀವು ಹೇಳಿದರೆ ಅವರು 60 ಸಾಲಲಿಲ್ಲ ಅಂದುಕೊಂಡು 90ಕ್ಕೆ ಏರಿಸುತ್ತಾರೆ. ನೀವೂ ಆಗ ಧೈರ್ಯ ಮಾಡಿ ಪೂರ್ತಿ ಕೊಟ್ಟರೆ ಅವರ ದೇಹ 20, 30ರಿಂದ ಒಂದೇ ದಿನದಲ್ಲಿ 90ಕ್ಕೆ ಹಾರುತ್ತದೆ. ಇದು ಅಪಾಯ. ಆದ್ದರಿಂದ ನಿಜವಾಗಿ ಎಷ್ಟು ಕೊಟ್ಟಿದ್ದೀರಿ ಅಂತ ಸಂಕೋಚಪಡದೆ ಹೇಳಿ. ಭಯದಿಂದ ಕೊಡಲಿಲ್ಲ ಅಂದರೆ ಯಾವ ವೈದ್ಯರೂ ಆಶ್ಚರ್ಯಪಡುವುದಿಲ್ಲ. ಎರಡನೆಯ ಕಾರಣ ಕಿಡ್ನಿ. ಮಾರ್ಫಿನ್ ದೇಹದಲ್ಲಿ ಬದಲಾದ ಮೇಲೆ ಉಳಿಯುವ ಅಂಶಗಳು ಕಿಡ್ನಿಯ ಮೂಲಕ ಹೊರಗೆ ಹೋಗಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಮೂತ್ರದ ಹಾದಿಯನ್ನು ಒತ್ತಿದರೆ ಕಿಡ್ನಿ ಸೋಲುತ್ತದೆ, ಆ ಅಂಶಗಳು ಒಳಗೇ ಸೇರಿಕೊಳ್ಳುತ್ತವೆ. ಇತ್ತೀಚೆಗೆ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿಲ್ಲದಿದ್ದರೆ ಕೇಳಿ ಮಾಡಿಸಿ. ಕಿಡ್ನಿ ಸರಿ ಇಲ್ಲದಿದ್ದರೆ ಡೋಸ್ ಇಳಿಸುತ್ತಾರೆ, ಹೊತ್ತಿನ ಅಂತರ ಹೆಚ್ಚಿಸುತ್ತಾರೆ, ಇಲ್ಲವೇ ಫೆಂಟನಿಲ್‌ನಂಥ ಬೇರೆ ಔಷಧಿಗೆ ಬದಲಿಸುತ್ತಾರೆ.

ಹೊತ್ತಿಗೆ ಸರಿಯಾಗಿ ಕೊಡಲು ಶುರು ಮಾಡಿದ ಮೊದಲ ಎರಡು ಮೂರು ದಿನ ತಂದೆಯವರು ಜಾಸ್ತಿ ನಿದ್ದೆ ಮಾಡಬಹುದು. ಸ್ವಲ್ಪ ವಾಕರಿಕೆಯೂ ಆಗಬಹುದು, ಅದಕ್ಕೆ ಮಾತ್ರೆ ಇದೆ, ಕೆಲವೇ ದಿನಕ್ಕೆ ಸಾಕು. ನಿದ್ದೆ ಕಂಡು ಮನೆಯವರು ಬೆಚ್ಚುತ್ತಾರೆ. ಎಷ್ಟೋ ವಾರ ನೋವಿಗೆ ಕಣ್ಣು ಮುಚ್ಚದವರು ಬಾಕಿ ನಿದ್ದೆ ತೀರಿಸಿಕೊಳ್ಳುವುದೂ ಅದರಲ್ಲಿ ಸೇರಿರುತ್ತದೆ. ಹೆಸರು ಹಿಡಿದು ಕರೆದಾಗ ಕಣ್ಣು ಬಿಟ್ಟು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟು ಮತ್ತೆ ಮಲಗಿದರೆ ಹೆದರಬೇಡಿ. ಕಣ್ಣಿನ ಪಾಪೆ ಚಿಕ್ಕದಾಗಿದೆ ಅಂತಲೂ ಹೆದರಬೇಡಿ, ಮಾರ್ಫಿನ್ ತೆಗೆದುಕೊಳ್ಳುವವರಲ್ಲಿ ಅದು ಸಾಮಾನ್ಯ. ಹೆದರಬೇಕಾದ್ದು ಯಾವಾಗ ಅಂದರೆ, ಅಲುಗಿಸಿದರೂ ಎಚ್ಚರವಾಗದಿದ್ದಾಗ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದಾಗ. ಇದು ತುರ್ತು ಸ್ಥಿತಿ, ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಅದಕ್ಕಿಂತ ಮುಂಚೆಯೇ ಬರುವ ಸೂಚನೆಗಳೂ ಇವೆ. ದಿನದಿಂದ ದಿನಕ್ಕೆ ಮಂಪರು ಹೆಚ್ಚುವುದು, ಕೈಕಾಲು ಇದ್ದಕ್ಕಿದ್ದಂತೆ ಅದುರುವುದು, ಇಲ್ಲದ್ದನ್ನು ಕಂಡಂತೆ ಮಾತಾಡುವುದು. ಇವು ಕಂಡರೆ ಮುಂದಿನ ಮಾತ್ರೆ ಕೊಡುವ ಮೊದಲು ವೈದ್ಯರನ್ನು ಕೇಳಿ. ಸರಿಯಾಗಿ ಏರಿಸಿಕೊಂಡು ಹೋದ ಮಾರ್ಫಿನ್‌ನಲ್ಲಿ ಮೊದಲು ಮಂಪರು ಹೆಚ್ಚುತ್ತದೆ, ಉಸಿರು ಇಳಿಯುವುದು ಸಾಮಾನ್ಯವಾಗಿ ಆಮೇಲೆ. ಹಾಗಾಗಿ ಮಂಪರಿನ ಮೇಲೆ ಕಣ್ಣಿಟ್ಟಿದ್ದರೆ ಹೆಚ್ಚಾಗಿ ಸಮಯ ಸಿಗುತ್ತದೆ. ನಿದ್ದೆ ಮಾತ್ರೆ, ಮದ್ಯ ಇದರ ಜೊತೆ ಸೇರಿದರೆ ಮಾತ್ರ ಆ ಸಮಯ ಸಿಗುವುದಿಲ್ಲ.

ಮಂಪರು, ವಾಕರಿಕೆ ಎರಡಕ್ಕೂ ದೇಹ ಒಗ್ಗಿಕೊಳ್ಳುತ್ತದೆ. ಒಗ್ಗಿಕೊಳ್ಳದಿರುವುದು ಕರುಳು. ಮಾರ್ಫಿನ್ ನೋವು ತಡೆಯಲು ಮಿದುಳು, ಬೆನ್ನುಹುರಿಯಲ್ಲಿ ಯಾವ ಬೀಗಕ್ಕೆ ಕೀಲಿಯಾಗಿ ಕೂರುತ್ತದೋ ಅದೇ ಬೀಗಗಳು ಕರುಳಿನ ಗೋಡೆಯ ನರಗಳಲ್ಲೂ ಇವೆ. ಅಲ್ಲಿ ಕೂತಾಗ ಮಲವನ್ನು ಮುಂದಕ್ಕೆ ತಳ್ಳುವ ಅಲೆ ನಿಧಾನವಾಗುತ್ತದೆ. ಮಲ ಹೆಚ್ಚು ಹೊತ್ತು ನಿಂತಷ್ಟೂ ಕರುಳು ಅದರ ನೀರನ್ನು ಹೀರುತ್ತದೆ. ಗುದದ ಬಿಗಿಯೂ ಹೆಚ್ಚುತ್ತದೆ. ತಳ್ಳುವ ಶಕ್ತಿ ಕಡಿಮೆ, ಮಲ ಗಟ್ಟಿ, ಬಾಗಿಲು ಬಿಗಿ. ಮಾರ್ಫಿನ್ ಇರುವವರೆಗೂ ಇದು ಇರುತ್ತದೆ. ಆದ್ದರಿಂದ ಮಲ ಸಡಿಲಿಸುವ ಔಷಧಿಯನ್ನು ಮಾರ್ಫಿನ್‌ನ ಮೊದಲ ದಿನದಿಂದಲೇ ಕೊಡಬೇಕು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರಿಗೆ ಮಾರ್ಫಿನ್ ಬರೆದೆ, ಮಲಬದ್ಧತೆಗೆ ಏನೂ ಬರೆಯಲಿಲ್ಲ. ತೊಂದರೆ ಬಂದಾಗ ನೋಡೋಣ ಅಂದುಕೊಂಡಿದ್ದೆ. ಎಂಟನೇ ದಿನ ಅವರು ಮಾತ್ರೆಯ ಪಟ್ಟಿ ಪೂರ್ತಿ ವಾಪಸ್ ತಂದು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇದಕ್ಕಿಂತ ನೋವೇ ವಾಸಿ" ಅಂದರು. ಅವರನ್ನು ಮತ್ತೆ ಮಾರ್ಫಿನ್‌ಗೆ ಒಪ್ಪಿಸಲು ಎರಡು ವಾರ ಹಿಡಿಯಿತು. ಆ ಎರಡು ವಾರ ಅವರು ನೋವು ತಿಂದದ್ದು ನನ್ನಿಂದ.

ನೀರು, ನಾರಿನ ಅಂಶ ಸಾಕು ಅಂತ ಕೆಲವರು ಹೇಳುತ್ತಾರೆ. ಮಾರ್ಫಿನ್‌ನ ಮಲಬದ್ಧತೆಗೆ ಅದು ಸಾಲುವುದಿಲ್ಲ. ನಾರಿನ ಪುಡಿಯನ್ನಂತೂ ನಾನು ಬೇಡ ಅನ್ನುತ್ತೇನೆ. ತಳ್ಳುವ ಶಕ್ತಿಯೇ ಇಲ್ಲದ ಕರುಳಿಗೆ ಹೊರೆ ಹೆಚ್ಚಿಸಿದಂತೆ ಆಗುತ್ತದೆ. ರೋಗಿ ನೀರು ಕಡಿಮೆ ಕುಡಿಯುತ್ತಿದ್ದರೆ ಅದೇ ಗಂಟು ಕಟ್ಟುತ್ತದೆ. ಬೇಕಾದ್ದು ಕರುಳನ್ನು ಕೆಲಸಕ್ಕೆ ಹಚ್ಚುವ ಔಷಧಿ. ಸೆನ್ನಾ ಅಥವಾ ಬೈಸಾಕೋಡಿಲ್ ಆ ಜಾತಿಯವು. ರಾತ್ರಿ ಮಲಗುವಾಗ ನುಂಗಿದರೆ ಆರರಿಂದ ಹನ್ನೆರಡು ಗಂಟೆಯಲ್ಲಿ, ಅಂದರೆ ಬೆಳಿಗ್ಗೆ ಹೊತ್ತಿಗೆ ಕೆಲಸ ಮಾಡುತ್ತವೆ. ಬೈಸಾಕೋಡಿಲ್ ಸಾಮಾನ್ಯವಾಗಿ 5ರಿಂದ 10 ಮಿ.ಗ್ರಾಂ. ಕೊಡುತ್ತಾರೆ. ಅದನ್ನು ಅಗಿಯಬಾರದು, ಹಾಲಿನ ಜೊತೆ, ಆಸಿಡಿಟಿ ಔಷಧಿಯ ಜೊತೆ ಕೊಡಬಾರದು. ಮಾತ್ರೆಯ ಹೊದಿಕೆ ಹೊಟ್ಟೆಯಲ್ಲೇ ಕರಗಿ ಹೊಟ್ಟೆ ನುಲಿಯುತ್ತದೆ. ಇಷ್ಟಕ್ಕೆ ಮಲ ಗಟ್ಟಿಯಾಗೇ ಇದ್ದರೆ ಅದರಲ್ಲಿ ನೀರು ಹಿಡಿದಿಡುವ ಔಷಧಿ ಸೇರಿಸುತ್ತೇವೆ, ಲ್ಯಾಕ್ಟುಲೋಸ್ ಸಿರಪ್ ಅಥವಾ ನೀರಿಗೆ ಕಲಸಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅಂಥವರಿಗೆ ನಾನು ಪುಡಿಯನ್ನೇ ಬರೆಯುತ್ತೇನೆ. ಇವ್ಯಾವುದಕ್ಕೂ ಬಗ್ಗದಿದ್ದರೆ ಮಾರ್ಫಿನ್ ಅನ್ನು ಕರುಳಿನ ಬೀಗದಿಂದ ಮಾತ್ರ ತೆಗೆದು, ನೋವಿನ ಮೇಲಿನ ಹಿಡಿತ ಕೆಡಿಸದ ಔಷಧಿಗಳೂ ಇವೆ.

ಇವತ್ತಿನ ನಿಮ್ಮ ಸ್ಥಿತಿಯಲ್ಲಿ ಮಾತ್ರ ಕ್ರಮ ತಿರುಗುಮುರುಗಾಗುತ್ತದೆ. ಕೆಳಗೆ ಗೂಟ ಹೊಡೆದ ಹಾಗೆ ಮಲ ಕೂತಿರುವಾಗ ಮೇಲಿನಿಂದ ಕರುಳನ್ನು ಹುರಿದುಂಬಿಸಿದರೆ ಹೊಟ್ಟೆನೋವು ಜೋರಾಗುತ್ತದೆ, ಮಲ ಕದಲುವುದಿಲ್ಲ. ನಿಲ್ಲಿಸಿದ ಮಾತ್ರೆಯನ್ನು ನೀವಾಗಿ ಶುರು ಮಾಡಬೇಡಿ ಅಂದದ್ದು ಇದಕ್ಕೆ. ಮೊದಲು ಕೆಳಗಿನ ಬಾಗಿಲು ತೆರೆಯಬೇಕು. ಗುದದೊಳಗೆ ಇಡುವ ಗ್ಲಿಸರಿನ್ ಅಥವಾ ಬೈಸಾಕೋಡಿಲ್ ಸಪೋಸಿಟರಿ, ಸಾಲದಿದ್ದರೆ ಎನಿಮಾ, ಅದಕ್ಕೂ ಬಗ್ಗದಿದ್ದರೆ ನೋವಿನ ಔಷಧಿ ಕೊಟ್ಟು ನರ್ಸ್ ಕೈಯಿಂದಲೇ ತೆಗೆಯುತ್ತಾರೆ. ಅದು ಖಾಲಿಯಾದ ಮೇಲೆ ಆ ರಾತ್ರಿಯಿಂದಲೇ ಬಾಯಿಂದ ಕೊಡುವ ಔಷಧಿ, ನಿತ್ಯ, ತಪ್ಪದೆ. ಗುದದ ಮೂಲಕ ಮಾಡುವ ಈ ಕೆಲಸಗಳನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ. ಕೀಮೋಥೆರಪಿಯಿಂದ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಗುದಕ್ಕೆ ಬೆರಳು, ಎನಿಮಾ ಹಾಕುವುದೇ ಅಪಾಯ. ಹಾಗೆಯೇ ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಗಾಳಿಯೂ ಹೋಗದಿದ್ದರೆ ಅದು ಕರುಳೇ ಕಟ್ಟಿಕೊಂಡಿರುವ ಸೂಚನೆ. ಆಗ ಯಾವ ಮಲ ಸಡಿಲಿಸುವ ಔಷಧಿಯನ್ನೂ ಕೊಡದೆ ಆಸ್ಪತ್ರೆಗೆ ಹೋಗಬೇಕು.

ಮುಂದಕ್ಕೆ ಗುರಿ ದಿನಾ ಹೋಗಲೇಬೇಕು ಅಂತಲ್ಲ. ತಿಣುಕದೆ, ಮೆತ್ತಗೆ, ಒಂದು ಎರಡು ದಿನಕ್ಕೊಮ್ಮೆ ಹೋದರೆ ಸಾಕು. ಮೂರನೇ ದಿನವೂ ಹೋಗದಿದ್ದರೆ ಫೋನ್ ಮಾಡಿ, ಆರನೇ ದಿನಕ್ಕೆ ಬಿಡಬೇಡಿ. ಊಟ ಕಡಿಮೆ, ಅದಕ್ಕೇ ಹೋಗ್ತಿಲ್ಲ ಅಂತ ಸುಮ್ನೆ ಇರಬೇಡಿ. ಏನೂ ತಿನ್ನದಿದ್ದರೂ ಕರುಳಿನಲ್ಲಿ ಮಲ ತಯಾರಾಗುತ್ತದೆ. ಬೆಳಗಿನ ತಿಂಡಿಯಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಕರುಳು ಸಹಜವಾಗಿ ಚುರುಕಾಗುತ್ತದೆ, ಆ ಹೊತ್ತಿಗೆ ಕೂರಿಸಿ. ಕಮೋಡಿನ ಮುಂದೆ ಪುಟ್ಟ ಮಣೆ ಇಟ್ಟು ಪಾದ ಎತ್ತರವಾಗುವಂತೆ ಮಾಡಿ. ಕೂತಾಗ ಬಾಗಿಲು ಮುಂದಕ್ಕೆಳೆದು ಅವರಷ್ಟಕ್ಕೆ ಬಿಡಿ. ಬೆಡ್‌ಪ್ಯಾನಿನ ಮೇಲೆ, ಮಗಳ ಎದುರು ಹೋಗಲಾರದೆ ತಡೆದುಕೊಳ್ಳುವ ಎಷ್ಟೋ ತಂದೆಯರಿದ್ದಾರೆ.

ಇನ್ನೊಂದು ಮಾತು, ಅಣ್ಣನವರಿಗಾಗಿ. ಮಾರ್ಫಿನ್ ಒಂದೇ ದಾರಿಯಲ್ಲ. ಮೂಳೆಯ ಒಂದು ಜಾಗದಲ್ಲಿ ನೋವು ಜೋರಾಗಿದ್ದರೆ ಅಲ್ಲಿಗೆ ರೇಡಿಯೋಥೆರಪಿ ಕೊಡಬಹುದು, ಎಷ್ಟೋ ಜನಕ್ಕೆ ಒಂದೇ ಸಲ ಸಾಕಾಗುತ್ತದೆ. ಅದಾದ ಮೊದಲ ಕೆಲವು ದಿನ ನೋವು ಸ್ವಲ್ಪ ಕೆರಳಬಹುದು, ಇಳಿಯಲು ಒಂದೆರಡು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ತಂದೆಯವರಿಗೆ ಇದು ಆಗುತ್ತದೆಯೇ ಅಂತ ಕೇಳಿ. ನೋವು ನಿಜವಾಗಿ ಇಳಿದಾಗ ಮಾರ್ಫಿನ್ ಹೊತ್ತಿಗೆ ಸರಿಯಾಗಿ ತೆಗೆದುಕೊಂಡವರು ತಾವಾಗಿಯೇ "ಮಂಪರು ಜಾಸ್ತಿಯಾಯ್ತು, ಕಡಿಮೆ ಮಾಡಿ" ಅಂತ ಬರುತ್ತಾರೆ. ಆಗ ಹಂತ ಹಂತವಾಗಿ ಇಳಿಸುತ್ತೇವೆ.

ಚಟದ ಭಯ ಸರಿಯಾಗಿ ಅನ್ವಯಿಸುವ ಜಾಗ ಒಂದಿದೆ, ಅದು ಮಾತ್ರೆ ಇಡುವ ಕಪಾಟು. ನಿಮ್ಮ ತಂದೆಯವರ ಡೋಸ್ ಒಂದು ಮಗು ನುಂಗಿದರೆ ಸಾವು ಬರಬಹುದು. ಮನೆಗೆ ಬಂದುಹೋಗುವ ಯಾರಿಗಾದರೂ ಚಟವಿದ್ದರೆ ಇದು ಅವರ ಕಣ್ಣಿಗೂ ಬೀಳಬಾರದು. ಬೀಗ ಹಾಕಿಡಿ, ಎಣಿಸಿಡಿ, ಉಳಿದದ್ದನ್ನು ಬೇರೆ ಯಾರ ನೋವಿಗೂ ಕೊಡದೆ, ಕೊಟ್ಟ ಆಸ್ಪತ್ರೆಯಲ್ಲಿ ಕೇಳಿ ಅವರು ಹೇಳಿದಂತೆ ವಾಪಸ್ ಮಾಡಿ. ಅಣ್ಣನವರು ಒಪ್ಪಿದರೆ ಬೀಗದ ಕೀಲಿಯನ್ನೂ ಎಣಿಕೆಯ ನೋಟ್‌ಬುಕ್ಕನ್ನೂ ಅವರ ಕೈಗೇ ಕೊಡಿ.